ಸಾರಾಂಶ ಬರೆಯುವುದು ಹೇಗೆ? ಒಂದು ಗದ್ಯಭಾಗ ಹಿಡಿದು ಹಂತ ಹಂತವಾಗಿ

"ಸಾರಾಂಶ ಬರೆಯೋಕೆ ಕೂತರೆ ಮೂಲದ ವಾಕ್ಯಗಳೇ ಬರುತ್ತವೆ. ಸ್ವಂತ ಮಾತಲ್ಲಿ ಬರೆಯಿರಿ ಅಂತಾರೆ, ಅದು ಹೇಗೆ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೂ ಇದ್ದಾರೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಕಡ್ಡಾಯ ಭಾರತೀಯ ಭಾಷೆ ಪತ್ರಿಕೆಯಲ್ಲಿ ಕನ್ನಡ ಆರಿಸಿಕೊಂಡವರಿಗೆ ಇದು ಇನ್ನೂ ಮುಖ್ಯ. ಆ ಪತ್ರಿಕೆಯ 300 ಅಂಕದಲ್ಲಿ 60 ಅಂಕ ಇದೊಂದಕ್ಕೇ ಇದೆ. ಕೊಟ್ಟ ಗದ್ಯವನ್ನು ಮೂರನೇ ಒಂದು ಭಾಗಕ್ಕೆ ಇಳಿಸಬೇಕು, ಅದೂ ನಿಮ್ಮದೇ ಮಾತಿನಲ್ಲಿ. ಆ ಪತ್ರಿಕೆಯಲ್ಲಿ ಶೇ 25 ಅಂಕ ಬರದಿದ್ದರೆ ಉಳಿದ ಪತ್ರಿಕೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಿಯಮಗಳನ್ನು ಪಟ್ಟಿ ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಅದಕ್ಕೇ ಅಭ್ಯಾಸಕ್ಕೆಂದು ಒಂದು ಗದ್ಯ ಬರೆದಿದ್ದೇನೆ. ಅದನ್ನು ಇಟ್ಟುಕೊಂಡು ಮೊದಲಿಂದ ಕೊನೆವರೆಗೆ ಸಾರಾಂಶ ಮಾಡೋಣ. ನಿಮ್ಮ ಹತ್ತಿರ ಒಂದು ಪೆನ್ಸಿಲ್, ಒಂದು ರಫ್ ಹಾಳೆ, ಒಂದು ಗಡಿಯಾರ ಇದ್ದರೆ ಸಾಕು. ಸುಮ್ನೆ ಓದಿಕೊಂಡು ಹೋಗಬೇಡಿ, ಜೊತೆಗೇ ಬರೆಯಿರಿ.

ಗದ್ಯಭಾಗ (154 ಪದ)

(1) ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಅಲ್ಲಿನ ಹಿರಿಯರು ಮಳೆಯ ನೀರನ್ನೇ ನಂಬಿ ಊರೂರಿಗೂ ಕೆರೆ ಕಟ್ಟಿದರು. ಈ ಕೆರೆಗಳು ಬಿಡಿಬಿಡಿಯಾಗಿ ಇರಲಿಲ್ಲ. ಮೇಲಿನ ಊರಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಊರಿನ ಕೆರೆಗೆ ಬರುತ್ತಿತ್ತು. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಹೀಗೆ ಒಂದು ಹನಿ ನೀರೂ ಪೋಲಾಗದಂತೆ ಕೆರೆಗಳ ಸರಪಳಿಯೇ ಇತ್ತು.

(2) ಈ ವ್ಯವಸ್ಥೆಯನ್ನು ನೋಡಿಕೊಳ್ಳುವವರು ಊರಿನವರೇ ಆಗಿದ್ದರು. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವ ಕೆಲಸ ನೀರುಗಂಟಿಯದು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಹೂಳೆತ್ತಿ ತಮ್ಮ ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಯೂ ಆಳವಾಯಿತು. ಏರಿ, ತೂಬು, ಕೋಡಿ, ಕಾಲುವೆ ಎಲ್ಲದರ ರಿಪೇರಿಗೂ ಮನೆಗೊಂದಾಳು ಬರುವ ರೂಢಿ ಇತ್ತು.

(3) ಕೊಳವೆಬಾವಿ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಸ್ವಿಚ್ ಒತ್ತಿದರೆ ತನ್ನ ಹೊಲದಲ್ಲೇ ನೀರು ಬರುವಾಗ ಕೆರೆಯ ಚಿಂತೆ ಯಾರಿಗೆ? ಹೂಳೆತ್ತುವುದು ನಿಂತಿತು. ಕಾಲುವೆಗಳಲ್ಲಿ ಜಾಲಿ ಬೆಳೆಯಿತು, ಕೆಲವು ಕಡೆ ಕಾಲುವೆಯೇ ಒತ್ತುವರಿಯಾಗಿ ಹೊಲ, ಮನೆ, ಲೇಔಟ್ ಆಯಿತು. ಇತ್ತ ಕೆರೆ ತುಂಬದೆ ನೆಲಕ್ಕೆ ನೀರು ಇಂಗುವುದೂ ಕಡಿಮೆಯಾಗಿ ಕೊಳವೆಬಾವಿಗಳೂ ಬತ್ತತೊಡಗಿದವು.

(4) ಈಗ ಅಲ್ಲಲ್ಲಿ ಕೆರೆಗಳ ಹೂಳೆತ್ತುವ ಕೆಲಸ ನಡೆಯುತ್ತಿದೆ. ಇದು ಒಳ್ಳೆಯದೇ. ಆದರೆ ಒಂದು ಕೆರೆಯನ್ನು ಮಾತ್ರ ಆಳ ಮಾಡಿ ಅದಕ್ಕೆ ನೀರು ತರುವ ಕಾಲುವೆಯನ್ನು ಮುಚ್ಚಿದ ಹಾಗೇ ಬಿಟ್ಟರೆ ಮಳೆ ಬಂದರೂ ಕೆರೆ ತುಂಬುವುದು ಕಷ್ಟ. ಸರಪಳಿಯ ಕೊಂಡಿಗಳು ಕೂಡದೆ ಬಿಡಿ ಕೆರೆ ಹೆಚ್ಚು ದಿನ ಉಳಿಯಲಾರದು.

ಮೂರನೇ ಒಂದು ಭಾಗ ಅಂದರೆ ಸುಮಾರು 51 ಪದ. ಅದು ನಮ್ಮ ಮಿತಿ.

ಹಂತ 1: ಪೆನ್ಸಿಲ್ ಕೆಳಗಿಟ್ಟು ಒಂದು ಸಲ ಪೂರ್ತಿ ಓದಿ

ಮೊದಲ ಓದಿನಲ್ಲಿ ಅಡಿಗೆರೆ ಎಳೆಯಬೇಡಿ. ಗದ್ಯದ ಮುಖ್ಯ ಮಾತು ಎಲ್ಲಿದೆ ಅಂತ ಆಗ ನಿಮಗೆ ಗೊತ್ತಿರುವುದಿಲ್ಲ. ಮೊದಲ ಪ್ಯಾರಾದಲ್ಲೇ ಗೆರೆ ಎಳೆಯಲು ಹೊರಟರೆ ಎಲ್ಲವೂ ಮುಖ್ಯ ಅನ್ನಿಸಿ ಅರ್ಧ ಪುಟ ಗೆರೆಯಾಗುತ್ತದೆ.

ಓದಿ ಮುಗಿಸಿದ ಮೇಲೆ ನಿಮ್ಮನ್ನೇ ಕೇಳಿಕೊಳ್ಳಿ: ಬರೆದವರು ನನ್ನನ್ನು ಯಾವ ಮಾತಿಗೆ ಒಪ್ಪಿಸಲು ನೋಡುತ್ತಿದ್ದಾರೆ? "ಕೆರೆಗಳ ಬಗ್ಗೆ ಹೇಳುತ್ತಿದ್ದಾರೆ" ಅನ್ನುವುದು ಉತ್ತರವಲ್ಲ, ಅದು ಬರೀ ವಿಷಯ. "ಒಂದೊಂದೇ ಕೆರೆ ಸರಿ ಮಾಡಿದರೆ ಸಾಲದು, ಅವನ್ನು ಜೋಡಿಸುವ ಕಾಲುವೆಯೂ ಸರಿಯಾಗಬೇಕು" ಅನ್ನುವುದು ಉತ್ತರ. ನಿಮ್ಮ ಉತ್ತರ ಕ್ರಿಯಾಪದ ಇರುವ ಪೂರ್ಣ ವಾಕ್ಯವಾಗಿ ಬರದಿದ್ದರೆ ಇನ್ನೊಮ್ಮೆ ಓದಬೇಕು ಅಂತಲೇ ಅರ್ಥ.

ನಮ್ಮ ಗದ್ಯದಲ್ಲಿ ಈ ಮಾತು ಕಡೆಯ ಪ್ಯಾರಾದಲ್ಲಿ, "ಆದರೆ" ಆದ ಮೇಲೆ ಬಂದಿದೆ. ಕನ್ನಡದ ವಿಚಾರ ಲೇಖನಗಳಲ್ಲಿ ಹೀಗೆ ಆಗುವುದು ಜಾಸ್ತಿ. ಮೊದಲು ಹಿನ್ನೆಲೆ, ಆಮೇಲೆ ಎದುರಿನವರ ಮಾತಿಗೆ ಒಂದಿಷ್ಟು ಒಪ್ಪಿಗೆ, ಅದಾದ ಮೇಲೆ "ಆದರೆ", "ಹಾಗಿದ್ದರೂ", "ಹಾಗೆಂದ ಮಾತ್ರಕ್ಕೆ" ಅಂತ ತಿರುವು. ಎರಡನೇ ಸಲ ಓದುವಾಗ ಈ ತಿರುವಿನ ಪದಗಳಿಗೆ ಮೊದಲು ಸುತ್ತು ಹಾಕಿ.

ಹಂತ 2: ಪ್ಯಾರಾಗೆ ಒಂದು ಸಾಲು

ಈಗ ರಫ್ ಹಾಳೆ ತೆಗೆದುಕೊಳ್ಳಿ. ಪ್ರತಿ ಪ್ಯಾರಾ ಓದಿ, ಅದರ ಮೇಲೆ ಕೈ ಮುಚ್ಚಿ, ಒಂದು ಸಾಲು ಬರೆಯಿರಿ. ಪಕ್ಕದಲ್ಲಿ ಕೂತವರಿಗೆ ಬಾಯಲ್ಲಿ ಹೇಳುವ ಹಾಗೆ ಬರೆದರೆ ಸಾಕು. ಇದು ಪರೀಕ್ಷಕರು ನೋಡುವ ಹಾಳೆಯಲ್ಲ, ಆಡುಮಾತಿದ್ದರೂ ನಡೆಯುತ್ತದೆ.

(1) ಕೋಲಾರದಲ್ಲಿ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಅದಕ್ಕೇ ಒಂದರಿಂದ ಒಂದಕ್ಕೆ ನೀರು ಹೋಗೋ ಹಾಗೆ ಕೆರೆ ಕಟ್ಟಿದ್ರು.
(2) ಊರವರೇ ಅದನ್ನ ನೋಡ್ಕೊಳ್ತಿದ್ರು.
(3) ಬೋರ್‌ವೆಲ್ ಬಂತು, ಕೆರೆ ಕಾಲುವೆ ಯಾರಿಗೂ ಬೇಡವಾಯ್ತು, ಕೊನೆಗೆ ಬೋರ್‌ವೆಲ್ಲೂ ಒಣಗಿತು.
(4) ಹೂಳು ತೆಗೆದ್ರೆ ಸಾಲದು, ಕಾಲುವೆ ಸರಿಯಾಗಬೇಕು.

ಎರಡನೇ ಸಾಲು ಎಷ್ಟು ಚಿಕ್ಕದು ನೋಡಿ. 40 ಪದದ ಪ್ಯಾರಾ ಒಂದೇ ಮಾತಿಗೆ ಇಳಿದಿದೆ. ಅದರಲ್ಲಿ ಇರುವುದೆಲ್ಲ ಉದಾಹರಣೆ: ನೀರುಗಂಟಿ, ಗಾಡಿ, ಹೂಳು, ಮನೆಗೊಂದಾಳು. ಓದುವಾಗ ಮನಸ್ಸಿಗೆ ಹಿಡಿಸುವುದು ಇವೇ, ಹಾಗಾಗಿ ಬಿಡಲು ಕಷ್ಟವಾಗುತ್ತದೆ. ಆದರೆ ಇವೆಲ್ಲ "ಊರಿನವರೇ ನೋಡಿಕೊಳ್ಳುತ್ತಿದ್ದರು" ಅನ್ನುವ ಮಾತನ್ನು ತೋರಿಸಲು ಬಂದವು. ಒಂದು ವಿವರ ಇರಬೇಕೋ ಬೇಡವೋ ಅಂತ ಅನುಮಾನ ಬಂದರೆ ಹೀಗೆ ನೋಡಿ: ಇದನ್ನು ತೆಗೆದರೆ ಕಡೆಯ ಪ್ಯಾರಾದ ಮಾತು ಅಲ್ಲಾಡುತ್ತದೆಯೇ? ನೀರುಗಂಟಿಯನ್ನು ತೆಗೆದರೆ ಏನೂ ಆಗುವುದಿಲ್ಲ. ಕಾಲುವೆಯನ್ನು ತೆಗೆದರೆ ಇಡೀ ವಾದವೇ ಬೀಳುತ್ತದೆ. ಹಾಗಾಗಿ ಕಾಲುವೆ ಉಳಿಯಬೇಕು, ನೀರುಗಂಟಿ ಹೋಗಬೇಕು.

ಇಲ್ಲಿ ಒಂದು ಸಣ್ಣ ಸಲಹೆ. ಪಟ್ಟಿ ಬಂದಾಗ ಅದನ್ನೆಲ್ಲ ಒಳಗೊಳ್ಳುವ ಒಂದು ಪದ ಹುಡುಕಿ. "ಹೂಳೆತ್ತುವುದು, ನೀರು ಹಂಚುವುದು, ಏರಿ ತೂಬು ರಿಪೇರಿ" ಎಲ್ಲ ಸೇರಿ "ಆರೈಕೆ". ಈ ಪದ ಮೂಲದಲ್ಲಿ ಎಲ್ಲೂ ಇಲ್ಲ. ಸ್ವಂತ ಮಾತು ಹುಟ್ಟುವುದು ಹೆಚ್ಚಾಗಿ ಇಂಥ ಜಾಗದಲ್ಲೇ.

ಹಂತ 3: ಸಾಲುಗಳ ನಡುವಿನ ಸಂಬಂಧ ಗುರುತು ಹಾಕಿ

ತುಂಬಾ ಜನ ಬಿಟ್ಟುಬಿಡುವ ಹಂತ ಇದು. ನಾಲ್ಕು ಸಾಲು ಕೈಯಲ್ಲಿದೆ ಅಂತ ಅವನ್ನೇ ಒಂದರ ಕೆಳಗೊಂದು ಇಟ್ಟರೆ ಅದು ಟಿಪ್ಪಣಿಯಾಗುತ್ತದೆ, ಸಾರಾಂಶ ಆಗುವುದಿಲ್ಲ. ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಪದ ಬೇಕು ಅಂತ ಬದಿಯಲ್ಲಿ ಬರೆದುಕೊಳ್ಳಿ.

(1)ರಿಂದ (2)ಕ್ಕೆ: "ಮತ್ತು". (2)ರಿಂದ (3)ಕ್ಕೆ: "ಆದರೆ ಆಮೇಲೆ". (3)ರ ಒಳಗೇ ಒಂದು "ಅದರಿಂದ" ಇದೆ: ಆರೈಕೆ ನಿಂತಿತು, ಅದರಿಂದ ಕೆರೆ ತುಂಬಲಿಲ್ಲ, ಅದರಿಂದ ಕೊಳವೆಬಾವಿ ಬತ್ತಿತು. (3)ರಿಂದ (4)ಕ್ಕೆ: "ಈಗ ಸರಿಪಡಿಸುತ್ತಿದ್ದಾರೆ, ಆದರೆ ಸಾಲದು".

ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತಿರುಗುಮುರುಗಾದರೆ ಪದ ಎಷ್ಟೇ ಚೆನ್ನಾಗಿದ್ದರೂ ಸಾರಾಂಶ ತಪ್ಪು. "ಕೊಳವೆಬಾವಿಗಳು ಬತ್ತಿದ್ದರಿಂದ ಕೆರೆಗಳು ಹಾಳಾದವು" ಅಂತ ಯಾರಾದರೂ ಬರೆದರೆ ಹೆಚ್ಚಿನ ಪದಗಳು ಗದ್ಯದವೇ, ಅರ್ಥ ಮಾತ್ರ ಉಲ್ಟಾ.

ಹಂತ 4: ಮೂಲವನ್ನು ಮುಚ್ಚಿಟ್ಟು ಬರೆಯಿರಿ

"ಸ್ವಂತ ಮಾತು ಬರುವುದಿಲ್ಲ" ಅನ್ನುವವರಿಗೆ ನಾನು ಕೊಡುವ ಮುಖ್ಯ ಉತ್ತರ ಈ ಹಂತ. ಮೂಲ ಕಣ್ಣೆದುರು ಇದ್ದರೆ ಅದರ ವಾಕ್ಯ ನಿಮ್ಮ ಕೈ ಹಿಡಿದು ಎಳೆಯುತ್ತದೆ. ಆಗ ನೀವು ಪದ ಬದಲಾಯಿಸುತ್ತೀರಿ, ವಾಕ್ಯ ಬದಲಾಯಿಸುವುದಿಲ್ಲ. ಮೂಲ ಹೀಗಿದೆ: "ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಹೂಳೆತ್ತಿ ತಮ್ಮ ಹೊಲಕ್ಕೆ ಹಾಕಿಕೊಳ್ಳುತ್ತಿದ್ದರು." ಇದನ್ನು ನೋಡಿಕೊಂಡು ಬರೆದವರು ಹೀಗೆ ಮಾಡುತ್ತಾರೆ: "ಗ್ರೀಷ್ಮದಲ್ಲಿ ಸರೋವರ ಶುಷ್ಕವಾದಾಗ ಕೃಷಿಕರು ಬಂಡಿಯಲ್ಲಿ ಬಂದು ಹೂಳು ತೆಗೆದು ತಮ್ಮ ಜಮೀನಿಗೆ ಹಾಕಿಕೊಳ್ಳುತ್ತಿದ್ದರು."

ಇದು ಸ್ವಂತ ಮಾತಲ್ಲ. ಅಚ್ಚ ಕನ್ನಡದ ಜಾಗಕ್ಕೆ ಸಂಸ್ಕೃತ ಪದ ಬಂತು, ವಾಕ್ಯದ ಕಟ್ಟು ಹಾಗೇ ಇದೆ, ಉದ್ದವೂ ಕಡಿಮೆಯಾಗಲಿಲ್ಲ. ಓದಲು ಕೂಡ ಮೂಲಕ್ಕಿಂತ ಕಷ್ಟ. ಸಮಾನಾರ್ಥಕ ಪದ ಹುಡುಕುವುದರಲ್ಲಿ ಸಮಯ ಹಾಳು ಮಾಡಬೇಡಿ. ಕೆರೆ ಕೆರೆಯಾಗಿಯೇ ಇರಲಿ. ಕೊಳವೆಬಾವಿ, ಹೂಳು, ಕಾಲುವೆ, ಕೋಲಾರ ಇವು ವಿಷಯದ ಪದಗಳು, ಇವನ್ನು ಹಾಗೇ ಬಳಸಿದರೆ ನಕಲು ಅಂತ ಯಾರೂ ಅನ್ನುವುದಿಲ್ಲ. ನಿಮ್ಮದಾಗಬೇಕಾದದ್ದು ವಾಕ್ಯದ ಕಟ್ಟು ಮತ್ತು ವಿಷಯಗಳನ್ನು ಸೇರಿಸುವ ರೀತಿ.

ಹಾಗಾಗಿ ಪ್ರಶ್ನೆಪತ್ರಿಕೆಯನ್ನು ಮಗುಚಿಡಿ. ರಫ್ ಹಾಳೆಯ ನಾಲ್ಕು ಸಾಲು, ಬದಿಯ ಜೋಡಿಸುವ ಪದಗಳು, ಇಷ್ಟೇ ನೋಡಿಕೊಂಡು ಬರೆಯಿರಿ. ಈಗ ಆಡುಮಾತನ್ನು ಬರವಣಿಗೆಯ ಕನ್ನಡಕ್ಕೆ ತನ್ನಿ. ಮೊದಲ ಕರಡು 60 ಪದ ದಾಟಿದರೂ ಪರವಾಗಿಲ್ಲ, ಇಳಿಸುವುದು ಮುಂದಿನ ಹಂತದಲ್ಲಿ.

ಹಂತ 5: ಪದ ಎಣಿಸಿ ಇಳಿಸಿ

ಕನ್ನಡದಲ್ಲಿ ಪದ ಇಳಿಸಲು ಭಾಷೆಯೇ ದಾರಿ ಮಾಡಿಕೊಟ್ಟಿದೆ. "ಕೋಲಾರ ಜಿಲ್ಲೆ ಇದೆ, ಅಲ್ಲಿ ವರ್ಷಪೂರ್ತಿ ನೀರಿರುವ ನದಿ ಇಲ್ಲ" ಅನ್ನುವುದು "ವರ್ಷಪೂರ್ತಿ ನೀರಿರುವ ನದಿಯಿಲ್ಲದ ಕೋಲಾರ ಜಿಲ್ಲೆ" ಆಗುತ್ತದೆ. ಒಂದು ಪೂರ್ತಿ ವಾಕ್ಯ ಹೆಸರಿನ ಹಿಂದೆ ಸೇರಿಕೊಂಡಿತು. ಹಾಗೇ "ಸರಿಪಡಿಸಬೇಕು, ಆಮೇಲೆ ಜೋಡಿಸಬೇಕು" ಅನ್ನುವುದು "ಸರಿಪಡಿಸಿ ಜೋಡಿಸಬೇಕು".

ಆದರೆ ಇದನ್ನು ಅತಿ ಮಾಡಬೇಡಿ. "ಕಟ್ಟಿ, ನೋಡಿಕೊಂಡು, ಹೂಳೆತ್ತಿ, ಬಿಟ್ಟು, ಹಾಳಾಗಿ, ಬತ್ತಿ" ಅಂತ ಒಂದೇ ವಾಕ್ಯದಲ್ಲಿ ಸಾಲಾಗಿ ಹೋದರೆ ಯಾರು ಏನು ಮಾಡಿದರು ಅನ್ನುವುದೇ ಕಳೆದುಹೋಗುತ್ತದೆ. ಕಟ್ಟಿದವರು ಹಿರಿಯರು, ಬಿಟ್ಟವರು ಈಗಿನವರು, ಬತ್ತಿದ್ದು ಬಾವಿ. ಕೆಲಸ ಮಾಡುವವರು ಬದಲಾದ ಕಡೆ ವಾಕ್ಯ ಮುಗಿಸಿ, ಹೊಸದು ಶುರು ಮಾಡಿ. ಒಂದು ವಾಕ್ಯದಲ್ಲಿ ಇಂಥ ಎರಡು ಅಥವಾ ಮೂರು ಕೊಂಡಿ ಸಾಕು.

ಲೆಕ್ಕಕ್ಕೆ ಸಿಗದಿರಲಿ ಅಂತ ಎರಡು ಪದ ಅಂಟಿಸಿ ಒಂದು ಮಾಡುವವರಿದ್ದಾರೆ, "ಕೆರೆಯನ್ನುಮಾತ್ರ" ಅಂತ. ಹಾಗೆ ಮಾಡಬೇಡಿ. ಓದುವವರಿಗೆ ಅದು ತಕ್ಷಣ ಕಾಣುತ್ತದೆ, ಕಾಗುಣಿತ ಗೊತ್ತಿಲ್ಲದವರು ಅಂತ ಅನ್ನಿಸುತ್ತದೆ.

ಈಗ ನಮ್ಮ ಸಾರಾಂಶ:

"ವರ್ಷಪೂರ್ತಿ ನೀರಿರುವ ನದಿಯಿಲ್ಲದ ಕೋಲಾರ ಜಿಲ್ಲೆಯಲ್ಲಿ ಹಿಂದಿನವರು ಒಂದಕ್ಕೊಂದು ಕಾಲುವೆಯಿಂದ ಸೇರಿದ ಕೆರೆಗಳಲ್ಲಿ ಮಳೆನೀರು ಹಿಡಿದಿಟ್ಟರು. ಅವುಗಳ ಆರೈಕೆ ಊರಿನ ಜನರ ಕೈಯಲ್ಲೇ ಇತ್ತು. ಕೊಳವೆಬಾವಿ ಕೊರೆಸಿಕೊಂಡ ಮೇಲೆ ಜನ ಅದನ್ನು ಕೈಬಿಟ್ಟರು, ಕೆರೆ, ಕಾಲುವೆಗಳು ಹಾಳಾದವು. ಅದರಿಂದ ಕೊಳವೆಬಾವಿಗಳಿಗೂ ನೀರು ಕಡಿಮೆಯಾಯಿತು. ಈಗಿನ ಹೂಳೆತ್ತುವ ಕೆಲಸ ಬೇಕಾದದ್ದೇ, ಆದರೆ ಕಾಲುವೆಗಳನ್ನೂ ಸರಿಪಡಿಸಿ ಕೆರೆಗಳನ್ನು ಮತ್ತೆ ಜೋಡಿಸದಿದ್ದರೆ ಅವು ತುಂಬುವುದು, ಉಳಿಯುವುದು ಕಷ್ಟ."

45 ಪದ, ಐದು ವಾಕ್ಯ. ಮಿತಿಗಿಂತ ಸ್ವಲ್ಪ ಕಡಿಮೆ ಇದೆ. ಪರೀಕ್ಷೆಯಲ್ಲಿ ಮೂರನೇ ಒಂದು ಭಾಗಕ್ಕೆ ಹತ್ತಿರ ಇದ್ದರೆ ಒಳ್ಳೆಯದು, ಆದರೆ ಮಿತಿ ಮುಟ್ಟಲೆಂದೇ ನೀರುಗಂಟಿಯನ್ನು ವಾಪಸ್ ಕರೆಯಬೇಕಾಗಿಲ್ಲ. ಪದ ತೀರಾ ಕಡಿಮೆಯಾದರೆ ಯಾವುದೋ ಒಂದು ಪ್ಯಾರಾ ಪೂರ್ತಿ ಬಿಟ್ಟುಹೋಗಿದೆಯೇ ಅಂತ ಮೊದಲು ನೋಡಿ.

ಹಂತ 6: ಮೂಲ ತೆರೆದು ಸಣ್ಣ ಪದಗಳನ್ನು ಹೋಲಿಸಿ

ಈ ಹಂತದಲ್ಲಿ ಹೆಚ್ಚು ಹೊತ್ತು ನಿಲ್ಲಿ ಅಂತ ಕೇಳಿಕೊಳ್ಳುತ್ತೇನೆ. ಇಳಿಸುವಾಗ ದೊಡ್ಡ ವಿಷಯ ಕಳೆದುಹೋಗುವುದು ಅಪರೂಪ, ಕಳೆಯುವುದು ಸಣ್ಣ ಪದಗಳು. ಕೆಳಗಿನದು ನೋಡಿ. ಅಭ್ಯಾಸದ ಹಾಳೆಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳನ್ನು ಒಂದೇ ಕಡೆ ತಂದು ಬರೆದಿದ್ದೇನೆ.

"ಕೋಲಾರದಲ್ಲಿ ನದಿ ಇಲ್ಲ. ಅಲ್ಲಿನ ಹಿರಿಯರು ಊರೂರಿಗೂ ಕೆರೆ ಕಟ್ಟಿದರು. ನೀರುಗಂಟಿ ನೀರು ಹಂಚುತ್ತಿದ್ದ. ರೈತರು ಹೂಳೆತ್ತಿ ಹೊಲಕ್ಕೆ ಹಾಕುತ್ತಿದ್ದರು. ಕೊಳವೆಬಾವಿ ಬಂದ ಮೇಲೆ ಹೂಳೆತ್ತುವುದು ನಿಂತಿತು. ಕಾಲುವೆಗಳೆಲ್ಲ ಒತ್ತುವರಿಯಾದವು. ಈಗ ಹೂಳೆತ್ತುವ ಕೆಲಸ ನಡೆಯುತ್ತಿದೆ. ನಾವೆಲ್ಲರೂ ಕೆರೆಗಳನ್ನು ಉಳಿಸಬೇಕು."

ಓದಿದರೆ ಚೆನ್ನಾಗೇ ಇದೆ ಅನ್ನಿಸುತ್ತದೆ, ಅಲ್ವಾ? ಈಗ ಮೂಲದ ಜೊತೆ ಇಟ್ಟು ನೋಡಿ.

ಮೂಲದಲ್ಲಿ "ವರ್ಷವಿಡೀ ಹರಿಯುವ ನದಿ ಇಲ್ಲ" ಅಂತಿದೆ. ಇಲ್ಲಿ "ನದಿ ಇಲ್ಲ". ಮಳೆಗಾಲದಲ್ಲಿ ಮಾತ್ರ ಹರಿಯುವ ನದಿ ಇರಬಹುದಲ್ಲ? ಎರಡು ಪದ ಉಳಿಸಲು ಹೋಗಿ ವಾಕ್ಯವೇ ಸುಳ್ಳಾಯಿತು. ಮೂಲದಲ್ಲಿ "ಕೆಲವು ಕಡೆ" ಒತ್ತುವರಿಯಾಯಿತು, ಇಲ್ಲಿ "ಎಲ್ಲ". ಕಾಲುವೆಗಳೆಲ್ಲ ಹೋಗಿದ್ದರೆ ಮತ್ತೆ ಜೋಡಿಸುವ ಮಾತೇ ಬರುತ್ತಿರಲಿಲ್ಲ.

"ಆದರೆ" ಮತ್ತು ಅದರ ನಂತರ ಬರುವ "ಮಾತ್ರ" ಎರಡೂ ಹೋಗಿವೆ. ಅವುಗಳ ಜೊತೆ ಗದ್ಯದ ವಾದವೂ ಹೋಯಿತು. ಹೂಳೆತ್ತುವ ಕೆಲಸಕ್ಕೆ ಬರೆದವರು ಪೂರ್ತಿ ಸಮ್ಮತಿ ಕೊಟ್ಟರು ಅನ್ನುವ ಹಾಗೆ ಕೇಳುತ್ತದೆ. ಇನ್ನು ಮೂಲದ "ಕೊಳವೆಬಾವಿಗಳೂ" ಅನ್ನುವಲ್ಲಿ ಕೊನೆಗಿರುವ "ಊ" ನೋಡಿ. ಕೆರೆಯ ಜೊತೆ ಬಾವಿಯೂ ಹೋಯಿತು ಅನ್ನುವುದನ್ನು ಆ ಒಂದು ಅಕ್ಷರ ಹೇಳುತ್ತಿದೆ. ಈ ಸಾರಾಂಶದಲ್ಲಿ ಆ ಮಾತೇ ಇಲ್ಲ.

ಕೊನೆಯ ವಾಕ್ಯ ಬರೆದವರ ಸ್ವಂತ ಸೇರ್ಪಡೆ. "ಉಳಿಸಬೇಕು" ಅಂತ ಗದ್ಯ ಎಲ್ಲೂ ಹೇಳಿಲ್ಲ. ಶಾಲೆಯಲ್ಲಿ ಪ್ರಬಂಧದ ಕೊನೆಗೆ ಒಂದು ಬುದ್ಧಿಮಾತು ಹಾಕಿ ಅಭ್ಯಾಸವಾಗಿ ಇಲ್ಲಿಯೂ ಅದು ಬಂದುಬಿಡುತ್ತದೆ. ಸಾರಾಂಶದಲ್ಲಿ ನಿಮ್ಮ ಅಭಿಪ್ರಾಯಕ್ಕೆ ಜಾಗವಿಲ್ಲ, ಬರೆದವರ ಮಾತು ನಿಮಗೆ ತಪ್ಪು ಅನ್ನಿಸಿದರೂ ಅಷ್ಟೇ.

ಇಷ್ಟೆಲ್ಲ ತಪ್ಪಿದ್ದರೂ ಇದರಲ್ಲಿ ಇರುವುದು 29 ಪದ. ಮಿತಿಯಲ್ಲಿ ಇನ್ನೂ 22 ಪದ ಬಾಕಿ ಇತ್ತು. ಅಂದರೆ "ವರ್ಷವಿಡೀ", "ಕೆಲವು ಕಡೆ" ಬಿಟ್ಟದ್ದು ಜಾಗ ಸಾಲದೆ ಅಲ್ಲ.

ಹೋಲಿಸುವಾಗ ಈ ಪದಗಳ ಮೇಲೆ ಬೆರಳಿಟ್ಟು ಹೋಗಿ: ಮಾತ್ರ, ಕೂಡ, ಕೆಲವು, ಬಹುತೇಕ, ಸಾಮಾನ್ಯವಾಗಿ, ಬಹುಶಃ, ಆದರೆ, ಅಂತೆ. ಮೂಲದಲ್ಲಿ "ಎಂದು ಹೇಳಲಾಗುತ್ತದೆ" ಅಂತಿದ್ದರೆ ನಿಮ್ಮಲ್ಲೂ ಆ ಅನುಮಾನ ಉಳಿಯಬೇಕು. ಇಲ್ಲದಿದ್ದರೆ ಯಾರೋ ಹೇಳಿದ ಮಾತನ್ನು ನೀವು ನಿಜ ಅಂತ ಸಾರಿದ ಹಾಗಾಗುತ್ತದೆ.

ಸಮಯ ಮತ್ತು ಅಭ್ಯಾಸ

ಯುಪಿಎಸ್‌ಸಿ ಪತ್ರಿಕೆಗೆ ಮೂರು ಗಂಟೆ. ಅಂಕದ ಲೆಕ್ಕದಲ್ಲಿ ಸಾರಾಂಶಕ್ಕೆ 36 ನಿಮಿಷ ಬರುತ್ತದೆ. ಅದರಲ್ಲಿ ಅರ್ಧದಷ್ಟು ಹೊತ್ತು ಮೊದಲ ಮೂರು ಹಂತಕ್ಕೇ ಕೊಡಿ. ಬರೆಯುವುದು 10 ನಿಮಿಷದ ಕೆಲಸ. ಉಳಿದ ಸಮಯ ಎಣಿಕೆಗೆ, ಹೋಲಿಕೆಗೆ. ಶೀರ್ಷಿಕೆ ಕೊಡಬೇಕೇ ಬೇಡವೇ ಅನ್ನುವುದನ್ನು ಆ ಪ್ರಶ್ನೆಯ ಸೂಚನೆಯಲ್ಲೇ ನೋಡಿಕೊಳ್ಳಿ, ನೆನಪಿನ ಮೇಲೆ ಬರೆಯಬೇಡಿ.

ಅಭ್ಯಾಸಕ್ಕೆ ಪತ್ರಿಕೆಯ ಸಂಪಾದಕೀಯ ಒಳ್ಳೆಯದು, ಏಕೆಂದರೆ ಅದರಲ್ಲಿ ವಾದ ಇರುತ್ತದೆ. ವರದಿಯಲ್ಲಿ ಮುಖ್ಯ ವಿಷಯ ಮೊದಲ ಪ್ಯಾರಾದಲ್ಲೇ ಬಂದುಬಿಡುವುದರಿಂದ ನಿಮಗೆ ಹುಡುಕುವ ಕೆಲಸ ಉಳಿಯುವುದಿಲ್ಲ. ಕಥೆ, ಲಲಿತ ಪ್ರಬಂಧ ಈಗಲೇ ಬೇಡ. ಅವುಗಳ ಸೊಗಸು ವಿವರದಲ್ಲೇ ಇರುತ್ತದೆ, ವಿವರ ತೆಗೆದರೆ ಕೈಗೆ ಏನೂ ಸಿಗುವುದಿಲ್ಲ.

ಬರೆದದ್ದು ಸರಿಯಿದೆಯೇ ಅಂತ ತಿಳಿಯಲು ಮೇಷ್ಟ್ರೇ ಬೇಕಾಗಿಲ್ಲ. ಮೂಲ ಓದಿರದ ಗೆಳೆಯರಿಗೋ ಮನೆಯವರಿಗೋ ನಿಮ್ಮ ಸಾರಾಂಶ ಮಾತ್ರ ಕೊಡಿ. "ಇದನ್ನು ಬರೆದವರು ಏನು ಹೇಳುತ್ತಿದ್ದಾರೆ, ಯಾಕೆ ಹಾಗೆ ಹೇಳುತ್ತಿದ್ದಾರೆ?" ಅಂತ ಕೇಳಿ. ಅವರ ಉತ್ತರವನ್ನು ಹಂತ 1ರಲ್ಲಿ ನೀವು ಬರೆದುಕೊಂಡ ವಾಕ್ಯದ ಪಕ್ಕ ಇಡಿ. "ಏನು" ಗೊತ್ತಾಗಿ "ಯಾಕೆ" ಗೊತ್ತಾಗದಿದ್ದರೆ ಹಂತ 3ಕ್ಕೆ ವಾಪಸ್ ಹೋಗಿ. ಎರಡೂ ಗೊತ್ತಾಗದಿದ್ದರೆ ಗದ್ಯವನ್ನೇ ಮತ್ತೆ ಓದಬೇಕು.